ಹತ್ತು ಸಾವಿರ ಅಂಕಿಗಳ ಸಾಕ್ಷ್ಯ

ಕೈಬರಹದ ಅಂಕಿಗಳನ್ನು ಗುರುತಿಸಲು ಕಲಿತ ಗಣಕವೊಂದನ್ನು, ಅದು ಹಿಂದೆ ಕಾಣದ 10,000 ಚಿತ್ರಗಳಿಂದ ಪರೀಕ್ಷಿಸಿದೆವೆನ್ನೋಣ. 200 ತಪ್ಪುಗಳಾದುವು, ಎಂದರೆ ಶೇಕಡ 2. ಕಾಣದ ಇತರ ಅಂಕಿಗಳಿಗೂ ಇದು ಹೊಂದುವುದೆಂದು ಹೇಗೆ ನಂಬೋಣ?

ತಪ್ಪಿಗೆ 1, ಸರಿಗೆ 0 ಎಂದು ಬರೆದುಕೊಂಡರೆ ತಪ್ಪಿನ ಪ್ರಮಾಣವು ಇವುಗಳ ಸರಾಸರಿಯೇ ಆಗುವುದು. ಮಾದರಿಯು ದೊಡ್ಡದಾದಂತೆ ಈ ಸರಾಸರಿಯು ನಿಜವಾದ ಪ್ರಮಾಣವನ್ನು ಸಮೀಪಿಸುತ್ತದೆ. ಇದೇ ಬೃಹತ್ ಸಂಖ್ಯೆಗಳ ನಿಯಮ. ಎಷ್ಟು ಸಮೀಪವೆಂಬುದನ್ನು ಮಾತ್ರ ಅದು ತಿಳಿಸದು.

ಅದನ್ನು ತಿಳಿಸುವುದು ಕೇಂದ್ರ ಪರಿಮಿತಿ ಪ್ರಮೇಯ. ಇಂತಹ ಮಾದರಿಗಳನ್ನು ಮತ್ತೆ ಮತ್ತೆ ಆಯ್ದರೆ, ಅವುಗಳ ಸರಾಸರಿಗಳು ನಿಜಬೆಲೆಯ ಸುತ್ತ ಗಂಟೆಯ ಆಕಾರದಲ್ಲಿ ಹರಡುತ್ತವೆ. ಇಲ್ಲಿ ಆ ಹರವು

√(0.02 × 0.98 ÷ 10000) = 0.0014

ಸುಮಾರು ನೂರಕ್ಕೆ 95 ಮಾದರಿಗಳಲ್ಲಿ ಸರಾಸರಿಯು ನಿಜಬೆಲೆಯಿಂದ ಹರವಿನ 1.96 ಪಟ್ಟನ್ನು ಮೀರಿ ದೂರ ಹೋಗದು. ಆದುದರಿಂದ ನಮ್ಮ ಅಂತರವು ಶೇಕಡ 1.73ರಿಂದ 2.27. ಇಲ್ಲಿ 95 ಎಂಬುದು ಈ ಒಂದು ಅಂತರದ ಗುಣವಲ್ಲ, ಅಂತರಗಳನ್ನು ಕಟ್ಟುವ ವಿಧಾನದ ಗುಣ.

100 ಚಿತ್ರಗಳಲ್ಲಿ 2 ತಪ್ಪಾಗಿದ್ದರೆ ಹರವು ಹತ್ತು ಪಟ್ಟಾಗಿ, ಅಂತರದ ಕೆಳತುದಿಯು ಸೊನ್ನೆಗಿಂತಲೂ ಕೆಳಗಿಳಿಯುವುದು. ತಪ್ಪಿನ ಪ್ರಮಾಣ ಋಣವಾಗಲಾರದು. ಗಂಟೆಯ ಆಕಾರ ಇನ್ನೂ ಮೂಡಿಲ್ಲವೆಂಬುದಕ್ಕೆ ಇದೇ ಕುರುಹು. ಅವೇ ಚಿತ್ರಗಳಿಂದ ಹಲವು ಗಣಕಗಳನ್ನು ಪರೀಕ್ಷಿಸಿ ಉತ್ತಮವಾದುದನ್ನು ಆರಿಸಿದರೂ ಲೆಕ್ಕ ಕೆಡುವುದು. ಆಗ ಗೆದ್ದ ಅಂಕದಲ್ಲಿ ಅದೃಷ್ಟವೂ ಬೆರೆತಿರುತ್ತದೆ.