ಧೂಮಪಾನ ಬಿಟ್ಟ ಮೇಲೆ ಕಾಫಿ, ನಿದ್ದೆ ಮತ್ತು ಕನಸು

ಕೆಫೀನ್ ಅನ್ನು ದೇಹದಲ್ಲಿ ಮುಖ್ಯವಾಗಿ ಒಡೆಯುವುದು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವ. ತಂಬಾಕಿನ ಹೊಗೆಯಲ್ಲಿರುವ ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಈ ಕಿಣ್ವದ ಪ್ರಮಾಣವನ್ನು ಹೆಚ್ಚಿಸುತ್ತವೆ. ಇದು ನಿಕೋಟಿನ್‌ನ ಕೆಲಸವಲ್ಲ. ಆದ್ದರಿಂದ ನಿಕೋಟಿನ್ ಪಟ್ಟಿ ಹಚ್ಚಿಕೊಂಡರೂ ಕಿಣ್ವ ಹೆಚ್ಚಿನ ಮಟ್ಟದಲ್ಲಿ ಉಳಿಯುವುದಿಲ್ಲ. ಸಿಗರೇಟು ನಿಲ್ಲಿಸಿದ ಸುಮಾರು ಒಂದು ವಾರದಲ್ಲಿ ಅದು ಸಹಜ ಮಟ್ಟಕ್ಕೆ ಇಳಿಯುತ್ತದೆ.

ಒಂದು ಲೆಕ್ಕ ನೋಡಿ. ಧೂಮಪಾನಿಯಲ್ಲಿ ಕೆಫೀನ್‌ನ ಅರ್ಧಾಯು ಸುಮಾರು 3 ಗಂಟೆ, ಬಿಟ್ಟವರಲ್ಲಿ ಸುಮಾರು 6 ಗಂಟೆ ಎಂದುಕೊಳ್ಳೋಣ. ಸಂಜೆ 6ಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನ್ ಮಧ್ಯರಾತ್ರಿ 12ಕ್ಕೆ ಮೊದಲನೆಯವರಲ್ಲಿ ಕಾಲು ಭಾಗ ಉಳಿದರೆ, ಎರಡನೆಯವರಲ್ಲಿ ಅರ್ಧ ಭಾಗ ಉಳಿದಿರುತ್ತದೆ. ದಿನವೂ ಅಷ್ಟೇ ಲೋಟ ಕುಡಿದರೂ ರಕ್ತದ ಕೆಫೀನ್ ಮಟ್ಟ ಇಮ್ಮಡಿಯಾಗಬಹುದು. ಎದೆಬಡಿತ, ಕೈನಡುಕ, ಚಡಪಡಿಕೆ ಬಂದಾಗ ಜನ ಅದನ್ನು ಸಿಗರೇಟಿನ ಹಂಬಲವೆಂದು ತಿಳಿದು ಮತ್ತೆ ಸೇದಲು ಹೋಗುವುದು ನಿಜಕ್ಕೂ ನೋವಿನ ಸಂಗತಿ. ಕಾಫಿಯನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ನಂತರ ಬಿಟ್ಟಾಗ ಇವು ತಗ್ಗಿದರೆ ಕಾರಣ ಕೆಫೀನ್ ಇರಬಹುದು.

ಆದರೆ ನಿದ್ರಾಹೀನತೆಗೆ ಕಾಫಿಯೊಂದೇ ಹೊಣೆಯಲ್ಲ. ನಿಕೋಟಿನ್ ಹಿಂತೆಗೆತವೂ ನಿದ್ದೆಯನ್ನು ತುಂಡರಿಸುತ್ತದೆ. ಮೊದಲ ವಾರದಲ್ಲಿ ತೀವ್ರವಾಗಿದ್ದು, ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ದೆಯ ನಡುವೆ ಪದೇ ಪದೇ ಎಚ್ಚರವಾದರೆ ಕನಸು ಸ್ಪಷ್ಟವಾಗಿ ನೆನಪಿರುತ್ತದೆ. 24 ಗಂಟೆಯ ನಿಕೋಟಿನ್ ಪಟ್ಟಿಯೂ ಎದ್ದುಕಾಣುವ ಕನಸು ತರಬಲ್ಲದು; ವೈದ್ಯರನ್ನು ಕೇಳಿ ಮಲಗುವ ಮುನ್ನ ಅದನ್ನು ತೆಗೆಯಬಹುದು.

ಇದೇ ಕಿಣ್ವ ಒಡೆಯುವ ಥಿಯೋಫಿಲಿನ್, ಕ್ಲೋಜಪೀನ್ ಔಷಧಿಗಳ ಮಟ್ಟವೂ ಸಿಗರೇಟು ಬಿಟ್ಟಾಗ ಏರುತ್ತದೆ. ಅವುಗಳ ಪ್ರಮಾಣವನ್ನು ವೈದ್ಯರೇ ಮರುನಿಗದಿ ಮಾಡಬೇಕು.