ಓದಿ ಮುಗಿಯುವ ಮೊದಲೇ ಮಾಯವಾಗುವ ಸಬ್‌ಟೈಟಲ್: ಸರಿಪಡಿಸುವುದು ಹೇಗೆ?

ಬೇರೆ ಭಾಷೆಯ ಕಿರುಚಿತ್ರ, ಸಾಕ್ಷ್ಯಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಹಾಕುವವರು ಈಗ ಬಹಳ ಮಂದಿ. ಅನುವಾದ ಚೆನ್ನಾಗಿಯೇ ಇರುತ್ತದೆ, ಆದರೆ ನೋಡುವವರಿಗೆ ಓದಲು ಪುರಸೊತ್ತು ಸಿಗುವುದಿಲ್ಲ. ಇಂಗ್ಲಿಷ್‌ಗೆಂದು ಮಾಡಿದ ಅಳತೆಯನ್ನು ಹಾಗೇ ಕನ್ನಡಕ್ಕೆ ಹಾಕುವುದು ಇದಕ್ಕೆ ಒಂದು ಕಾರಣ, ಸಾಲನ್ನು ಸಿಕ್ಕಲ್ಲಿ ಮುರಿಯುವುದು ಇನ್ನೊಂದು.

1. ತಂತ್ರಾಂಶ ಏನನ್ನು ಎಣಿಸುತ್ತಿದೆ ನೋಡಿ

ಓದುವ ವೇಗವನ್ನು ಸೆಕೆಂಡಿಗೆ ಎಷ್ಟು ಅಕ್ಷರ ಎಂದು ಅಳೆಯುತ್ತಾರೆ. ಪರದೆಯಲ್ಲಿ ಅದು CPS ಎಂದು ಕಾಣಿಸುತ್ತದೆ. ಖಾಲಿ ಸಾಲಿನಲ್ಲಿ ‘ಸ್ತ್ರೀ’ ಎಂದಷ್ಟೇ ಟೈಪ್ ಮಾಡಿ ಉದ್ದ ನೋಡಿ. ನಮಗೆ ಅದು ಒಂದೇ ಅಕ್ಷರ. ತಂತ್ರಾಂಶ 6 ಎಂದು ತೋರಿಸಿದರೆ ಅದು ಸ, ತ, ರ, ಎರಡು ಹಲಂತ ಚಿಹ್ನೆ, ದೀರ್ಘ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಿದೆ ಎಂದರ್ಥ.

ನಾನು ಇಟ್ಟುಕೊಂಡಿರುವ ಮಿತಿ ಸೆಕೆಂಡಿಗೆ 8 ಅಕ್ಷರ. ಒತ್ತು, ಗುಣಿತ ಸೇರಿ ಒಂದೇ ಲೆಕ್ಕ. ಚಿಹ್ನೆಗಳನ್ನೂ ಖಾಲಿ ಜಾಗವನ್ನೂ ಎಣಿಸುವ ತಂತ್ರಾಂಶದಲ್ಲಿ ಇದು ಸುಮಾರು 17ಕ್ಕೆ ಸಮ. ಮಕ್ಕಳ ಚಿತ್ರವಾದರೆ ಇನ್ನೂ ಇಳಿಸಿ.

2. ಹೆಚ್ಚಾದರೆ ಮಾತನ್ನು ಇಳಿಸಿ

ಪಾತ್ರ ಮೂರು ಸೆಕೆಂಡಿನಲ್ಲಿ ಆಡಿದ ಮಾತಿಗೆ ಈ ಅನುವಾದ ಬಂತು ಎನ್ನಿ: ‘ನಾಳೆಯವರೆಗೆ ವೈದ್ಯರು ಬರುವುದಿಲ್ಲವೆಂದು ಹೇಳಿದ್ದರಿಂದ ಅವಳನ್ನು ಮನೆಗೆ ಕರೆದುಕೊಂಡು ಹೋದೆ’. ಇದರಲ್ಲಿ 35 ಅಕ್ಷರಗಳಿವೆ, ಅಂದರೆ ಸೆಕೆಂಡಿಗೆ ಸುಮಾರು 12. ತಂತ್ರಾಂಶದ ಎಣಿಕೆಯಲ್ಲಿ 76, ಸೆಕೆಂಡಿಗೆ 25. ಯಾರೂ ಓದಿ ಮುಗಿಸಲಾರರು. ಅದನ್ನೇ ಆಡುಮಾತಿಗೆ ತನ್ನಿ:

```
12
00:01:14,200 --> 00:01:17,200
ಡಾಕ್ಟರು ನಾಳೆಯೇ ಬರೋದಂತೆ.
ಅವಳನ್ನ ಮನೆಗೆ ಕರ್ಕೊಂಡು ಹೋದೆ.
```

ಈಗ 22 ಅಕ್ಷರ, ಸೆಕೆಂಡಿಗೆ ಏಳು ಚಿಲ್ಲರೆ. ‘ಎಂದು ಹೇಳಿದ್ದರಿಂದ’ ಎಂಬ ಅಷ್ಟುದ್ದದ ಭಾರವನ್ನು ‘ಅಂತೆ’ ಒಂದೇ ಹೊತ್ತುಕೊಂಡಿತು. ವೇಗ ಹೆಚ್ಚಾಗಲು ಮುಖ್ಯ ಕಾರಣ ಗ್ರಂಥದ ಕನ್ನಡವೇ. ಸಮಯ ಹಿಗ್ಗಿಸುವ ಮೊದಲು ಮಾತನ್ನು ಸವರಿ.

3. ಸಾಲು ಮುರಿಯುವುದು: ಎಲ್ಲರೂ ಎಡವುವುದು ಇಲ್ಲೇ

ಎರಡು ಸಾಲಿಗಿಂತ ಹೆಚ್ಚು ಬೇಡ. ಒಂದು ಸಾಲಿಗೆ 20 ಅಕ್ಷರ ಧಾರಾಳ. ಎಲ್ಲಿ ಮುರಿಯಬೇಕು ಎನ್ನುವುದೇ ನಿಜವಾದ ಕಷ್ಟ. ಇದನ್ನು ನೋಡಿ:

```
ನಿನ್ನೆ ಊರಿಂದ ಬಂದ
ಹುಡುಗ ಮಾತಾಡ್ತಾನೇ ಇಲ್ಲ.
```

ಮೊದಲ ಸಾಲು ಓದಿದವರು ‘ಯಾರೋ ನಿನ್ನೆ ಊರಿಂದ ಬಂದ’ ಎಂದು ವಾಕ್ಯವನ್ನೇ ಮುಗಿಸಿಬಿಡುತ್ತಾರೆ. ಎರಡನೇ ಸಾಲಿಗೆ ಬಂದಾಗ ಅರ್ಥ ಕೂಡುವುದಿಲ್ಲ, ಕಣ್ಣು ಮತ್ತೆ ಮೇಲೆ ಹೋಗುತ್ತದೆ. ಅಷ್ಟರಲ್ಲಿ ಸಬ್‌ಟೈಟಲ್ ಹೋಗಿರುತ್ತದೆ. ಬಂದ, ಹೋದ, ಹೇಳಿದ, ಕೊಟ್ಟ ಮುಂತಾದ ರೂಪಗಳು ಕನ್ನಡದಲ್ಲಿ ವಾಕ್ಯದ ಕೊನೆಗೂ ಬರುತ್ತವೆ, ನಾಮಪದದ ಮುಂಚೆಯೂ ಬರುತ್ತವೆ. ಆದ್ದರಿಂದ ಇವುಗಳ ನಂತರದ ನಾಮಪದ ಅದೇ ಸಾಲಿನಲ್ಲಿರಲಿ:

```
ನಿನ್ನೆ ಊರಿಂದ ಬಂದ ಹುಡುಗ
ಮಾತಾಡ್ತಾನೇ ಇಲ್ಲ.
```

ಮೇಲಿನ ಸಾಲು ಉದ್ದವಾಯಿತಲ್ಲ ಎಂದು ಕೊರಗಬೇಡಿ. ತಂತ್ರಾಂಶದ ತಾನಾಗಿ ಮುರಿಯುವ ಸೌಲಭ್ಯ ಎರಡೂ ಸಾಲನ್ನು ಸಮ ಮಾಡಲು ನೋಡುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ. ಕನ್ನಡಕ್ಕೆ ನಾನು ಅದನ್ನು ಬಳಸುವುದೇ ಇಲ್ಲ. ಹಾಗೆಯೇ ‘ಕರ್ಕೊಂಡು ಹೋದೆ’, ‘ಮರೆತು ಬಿಟ್ಟೆ’, ‘ಅವನ ಜೊತೆ’ ಇಂಥ ಜೋಡಿಗಳನ್ನೂ ಅಗಲಿಸಬೇಡಿ. ‘ಬಂದ’ ಒಂದು ಸಬ್‌ಟೈಟಲ್‌ನಲ್ಲಿ, ‘ಹುಡುಗ’ ಮುಂದಿನದರಲ್ಲಿ ಬಿದ್ದರಂತೂ ಹಿಂದೆ ಹೋಗಿ ನೋಡಲು ಸಾಲೇ ಇರುವುದಿಲ್ಲ. ವಾಕ್ಯ ಉದ್ದವಾದರೆ ಎರಡು ಪುಟ್ಟ ವಾಕ್ಯ ಮಾಡಿ.

4. ಪರದೆಯ ಮೇಲಿನ ಸಮಯ

‘ಹೂಂ’ ಎಂಬಷ್ಟೇ ಮಾತಿಗೂ ಒಂದು ಸೆಕೆಂಡು ಕೊಡಿ. ಏಳು ಸೆಕೆಂಡು ಮೀರಬೇಡಿ, ಮೀರಿದರೆ ಜನ ಅದನ್ನೇ ಎರಡನೇ ಸಲ ಓದುತ್ತಾರೆ. ಮಾತಿನ ಜೊತೆಗೇ ಶುರುವಾಗಲಿ. ಮುಂದೆ ಮೌನವಿದ್ದರೆ ಮಾತು ಮುಗಿದ ಮೇಲೂ ಅರ್ಧ ಸೆಕೆಂಡು ನಿಲ್ಲಬಹುದು, ಆದರೆ ಶಾಟ್ ಬದಲಾಗುವ ಎರಡು ಫ್ರೇಮ್ ಮೊದಲೇ ಮುಗಿಯಲಿ. ಎರಡು ಸಬ್‌ಟೈಟಲ್‌ಗಳ ನಡುವೆಯೂ ಎರಡು ಫ್ರೇಮ್ ಖಾಲಿ ಬಿಡಿ. 25 ಫ್ರೇಮಿನ ವಿಡಿಯೊದಲ್ಲಿ ಅದು 80 ಮಿಲಿಸೆಕೆಂಡ್. ಬಿಡದಿದ್ದರೆ ಬರಹ ಬದಲಾದದ್ದೇ ಗೊತ್ತಾಗುವುದಿಲ್ಲ.

ಕೊನೆಗೆ ಧ್ವನಿ ನಿಲ್ಲಿಸಿ, ಚಿತ್ರ ನೋಡಿರದ ಒಬ್ಬರಿಗೆ ಮೊಬೈಲಿನಲ್ಲಿ ತೋರಿಸಿ. ಅವರು ಯಾವ ಸಾಲಿನಲ್ಲಿ ‘ಹಿಂದೆ ಹಾಕಿ’ ಅನ್ನುತ್ತಾರೋ ಆ ಸಾಲಿನ ಸಂಖ್ಯೆ ಗುರುತು ಹಾಕಿಕೊಳ್ಳಿ. ನೀವೇ ನೋಡಿದರೆ ತಪ್ಪು ಸಿಗದು. ಮಾತು ನಿಮಗೆ ಬಾಯಿಪಾಠವಾಗಿರುತ್ತದೆ.