ಸಂಬಳದ ಅಂಕಿಗಿಂತ ಆಚೆ: ಎರಡು ಆಫರ್‌ಗಳ ನಡುವೆ ರಜೆಯ ಲೆಕ್ಕ

ಎರಡು ಕಂಪನಿಗಳಿಂದ ಆಫರ್ ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಸಿಟಿಸಿ ಅಂಕಿಯ ಮೇಲೆ. ರಜೆಯ ವಿಷಯ ಆಫರ್ ಲೆಟರ್‌ನಲ್ಲಿ ‘ಕಂಪನಿಯ ನಿಯಮಗಳ ಪ್ರಕಾರ’ ಎಂಬ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಆ ನಿಯಮಗಳು ಕೈಗೆ ಸಿಗುವುದು ಸಹಿ ಹಾಕಿ ಕೆಲಸಕ್ಕೆ ಸೇರಿದ ಮೇಲೆ. ರಜೆಗೂ ರೂಪಾಯಿಯ ಬೆಲೆಯಿದೆ, ಅದನ್ನು ಸಹಿಗೆ ಮುಂಚೆಯೇ ಲೆಕ್ಕ ಹಾಕಬಹುದು. ಹೆರಿಗೆ ರಜೆಯಂತೂ ಆ ಲೆಕ್ಕವನ್ನು ಪೂರ್ತಿ ತಲೆಕೆಳಗು ಮಾಡಬಲ್ಲದು.

ಕಾನೂನು ಕೊಡುವ ಕನಿಷ್ಠ ಎಷ್ಟು ಎಂಬುದರಿಂದ ಶುರು ಮಾಡೋಣ. ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಎಂದಿಟ್ಟುಕೊಳ್ಳಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳಸಹಿತ ಗಳಿಕೆ ರಜೆ ಸಿಗುತ್ತದೆ. ಕಾಯಿಲೆ ಮೊದಲಾದ ಕಾರಣಗಳಿಗೆ ವರ್ಷಕ್ಕೆ 12 ದಿನ ಬೇರೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ 1963ರ ಪ್ರತ್ಯೇಕ ಕಾಯ್ದೆ ಇದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1, ಜೊತೆಗೆ ಐದು ಹಬ್ಬಗಳು, ಒಟ್ಟು ಹತ್ತು. ಆ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ ಕೊಡಬೇಕು. ಆಡಳಿತ ಹುದ್ದೆಯಲ್ಲಿರುವವರಿಗೆ 1961ರ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಮ್ಯಾನೇಜರ್ ಹುದ್ದೆಯ ಆಫರ್ ಬಂದವರಿಗೆ ಕರಾರಿನ ಮಾತೇ ಮುಖ್ಯ.

ಈಗ ಲೆಕ್ಕ. ಮೊದಲ ಕಂಪನಿಯ ಸಂಬಳ ವರ್ಷಕ್ಕೆ 9,60,000 ರೂಪಾಯಿ, ರಜೆ ಕಾನೂನಿನ ಕನಿಷ್ಠದಷ್ಟೇ. ಎರಡನೆಯದರಲ್ಲಿ ಸಂಬಳ 9,24,000, ಹಬ್ಬದ ರಜೆ 14, ಗಳಿಕೆ ರಜೆ 24. ಎರಡೂ ಕಡೆ ವಾರಕ್ಕೆ ಐದು ದಿನ ಕೆಲಸ, ಅನಾರೋಗ್ಯ ರಜೆಯೂ ಒಂದೇ. ಆದ್ದರಿಂದ ಅದನ್ನು ಬದಿಗಿಡೋಣ. ಶನಿವಾರ, ಭಾನುವಾರ ಕಳೆದರೆ ವರ್ಷಕ್ಕೆ ಸುಮಾರು 261 ದಿನ ಉಳಿಯುತ್ತದೆ. ಮೊದಲ ಕಂಪನಿಯಲ್ಲಿ ಹತ್ತು ಹಬ್ಬ, ಸುಮಾರು 12 ಗಳಿಕೆ ರಜೆ ಹೋದರೆ 239 ದಿನ ದುಡಿಯಬೇಕು, ಎರಡನೆಯದರಲ್ಲಿ 223. ದುಡಿದ ದಿನವೊಂದಕ್ಕೆ ಮೊದಲನೆಯದು ಕೊಡುವುದು ಸುಮಾರು 4,017 ರೂಪಾಯಿ, ಎರಡನೆಯದು 4,143. ಬೇರೆ ರೀತಿ ಹೇಳುವುದಾದರೆ, ಮೊದಲ ಕಂಪನಿ 36,000 ರೂಪಾಯಿ ಹೆಚ್ಚು ಕೊಟ್ಟು ನಿಮ್ಮ 16 ದಿನಗಳನ್ನು ತಲಾ 2,250ಕ್ಕೆ ಕೊಂಡುಕೊಳ್ಳುತ್ತಿದೆ. ಅದೂ ತಾನೇ ದಿನಕ್ಕೆ 4,017 ಕೊಡುತ್ತಿರುವಾಗ. ಹೀಗೆ ಹೋಲಿಸುವಾಗ ಸಿಟಿಸಿಯಲ್ಲಿ ಸೇರಿಸಿರುವ ಗ್ರಾಚ್ಯುಟಿ, ಕಂಪನಿಯ ಪಾಲಿನ ಪಿಎಫ್, ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ವೇರಿಯಬಲ್ ಮೊತ್ತಗಳನ್ನು ಕಳೆದು, ಖಚಿತ ಸಂಬಳವನ್ನಷ್ಟೇ ಹಿಡಿಯಬೇಕು.

ರಜೆಯಿಂದ ಸಾಲದ ಕಂತು ಕಟ್ಟಲಾಗುವುದಿಲ್ಲವಲ್ಲ ಎನ್ನಬಹುದು. ನಿಜ, ತಿಂಗಳಿಗೆ ಮೂರು ಸಾವಿರ ಹೆಚ್ಚು ಬೇಕೇ ಬೇಕು ಎನ್ನುವವರಿಗೆ ಮೊದಲ ಆಫರೇ ಸರಿಯಿರಬಹುದು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಕಾಗದದ ಮೇಲೆ 24 ರಜೆ ಇದ್ದರೇನು, ಕೇಳಿದಾಗ ಮ್ಯಾನೇಜರ್ ಕೊಡಬೇಕಲ್ಲ? ಹೌದು, ಆದರೆ ಗಳಿಕೆ ರಜೆ ಬಳಸದಿದ್ದರೂ ಪೂರ್ತಿ ವ್ಯರ್ಥವಾಗುವುದಿಲ್ಲ. ಒಂದು ಮಿತಿಯವರೆಗೆ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ, ಕೆಲಸ ಬಿಡುವಾಗ ಉಳಿದದ್ದಕ್ಕೆ ಹಣ ಬರುತ್ತದೆ. ಆ ಹಣವನ್ನು ಬೇಸಿಕ್ ಮೇಲೆ ಲೆಕ್ಕ ಹಾಕುತ್ತಾರೋ ಪೂರ್ತಿ ಸಂಬಳದ ಮೇಲೋ ಎಂದು ಮೊದಲೇ ಕೇಳಿಕೊಳ್ಳಿ. ಬೇಸಿಕ್ ಸಂಬಳದ ಅರ್ಧದಷ್ಟಿದ್ದರೆ ಕೈಗೆ ಬರುವುದೂ ಅರ್ಧವೇ. ‘ಮಿತಿಯಿಲ್ಲದ ರಜೆ’ ಎಂಬ ಆಕರ್ಷಣೆಯ ಬಗ್ಗೆ ಇಲ್ಲೇ ಎಚ್ಚರ ಬೇಕು: ಖಾತೆಯಲ್ಲಿ ರಜೆ ಜಮಾ ಆಗದಿದ್ದರೆ ಬಿಡುವಾಗ ನಗದು ಮಾಡಿಕೊಳ್ಳಲು ಏನೂ ಇರುವುದಿಲ್ಲ.

ಇಷ್ಟೂ ಸಾವಿರಗಳ ಮಾತಾಯಿತು. ಹೆರಿಗೆ ರಜೆಯದು ಲಕ್ಷಗಳ ಮಾತು. ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ, ಅಂದರೆ ಅರ್ಧ ವರ್ಷದ ಸಂಬಳ. ಮೇಲಿನ ಎರಡನೇ ಆಫರ್‌ನಲ್ಲಿ ಅದು ಸುಮಾರು 4.6 ಲಕ್ಷ. ಆದರೆ ಇದಕ್ಕೊಂದು ಷರತ್ತಿದೆ. ನಿರೀಕ್ಷಿತ ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ, ಯಾವ ಮಾಲೀಕರಿಂದ ಸೌಲಭ್ಯ ಕೇಳುತ್ತೀರೋ ಅವರಲ್ಲೇ ಕನಿಷ್ಠ 80 ದಿನ ದುಡಿದಿರಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಹಳೆಯ ಕಂಪನಿಯಲ್ಲಿ ಐದು ವರ್ಷ ದುಡಿದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಹೆರಿಗೆಗೆ ವೈದ್ಯರು ಅಕ್ಟೋಬರ್ 10ರ ದಿನಾಂಕ ಕೊಟ್ಟಿದ್ದಾರೆ ಎನ್ನಿ. ಜೂನ್ 1ಕ್ಕೆ ಸೇರಿಕೊಂಡರೆ, ವಾರಕ್ಕೆ ಐದು ದಿನದಂತೆ, ಸಂಬಳಸಹಿತ ಹಬ್ಬದ ರಜೆಗಳೂ ಸೇರಿ 90ಕ್ಕೂ ಹೆಚ್ಚು ದಿನ ಸಿಗುತ್ತವೆ. ನೋಟಿಸ್ ಅವಧಿ ಮುಗಿಸಿ ಜುಲೈ 15ಕ್ಕೆ ಸೇರಿದರೆ ಅರವತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾನೂನಿನ ಬಲದಿಂದ ಏನನ್ನೂ ಕೇಳಲಾಗುವುದಿಲ್ಲ. ಜೂನ್ 1ಕ್ಕೆ ಸೇರಿದವರೂ ಹೆರಿಗೆಗೆ ಎಂಟು ವಾರ ಮುಂಚೆಯೇ ರಜೆ ಹಾಕಿದರೆ ಆ ಹೊತ್ತಿಗೆ 80 ತುಂಬಿರುವುದಿಲ್ಲ, ಸೆಪ್ಟೆಂಬರ್ ಮೂರನೇ ವಾರದವರೆಗಾದರೂ ಕೆಲಸ ಮಾಡಬೇಕಾಗುತ್ತದೆ. ಸಂಬಳ 21,000ದೊಳಗಿದ್ದು ಇಎಸ್‌ಐ ವ್ಯಾಪ್ತಿಯಲ್ಲಿರುವವರ ಸ್ಥಿತಿ ಬೇರೆ: ಅಲ್ಲಿ ಹಣ ಕೊಡುವುದು ನಿಗಮ, ನೋಡುವುದು ಹಿಂದಿನ ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇದೆಯೇ ಎಂಬುದನ್ನು. ಇಎಸ್‌ಐ ಇರುವ ಸಂಸ್ಥೆಯಿಂದ ಇನ್ನೊಂದಕ್ಕೆ ಹೋದವರ ಹಳೆಯ ವಂತಿಗೆ ಅಳಿಸಿಹೋಗುವುದಿಲ್ಲ. ಗುತ್ತಿಗೆಯ ಆಫರ್ ಬಂದವರು 2023ರಲ್ಲಿ ಸುಪ್ರೀಂ ಕೋರ್ಟ್ ಡಾ. ಕವಿತಾ ಯಾದವ್ ಪ್ರಕರಣದಲ್ಲಿ ಹೇಳಿದ್ದನ್ನು ಗಮನಿಸಬೇಕು: ಅರ್ಹತೆ ಇದ್ದರೆ, ಗುತ್ತಿಗೆಯ ಅವಧಿ ಮಧ್ಯದಲ್ಲೇ ಮುಗಿದರೂ ಹೆರಿಗೆ ಸೌಲಭ್ಯವನ್ನು ಪೂರ್ತಿ ಕೊಡಬೇಕು.

ತಂದೆಯಾಗುವವರಿಗೆ ಖಾಸಗಿ ವಲಯದಲ್ಲಿ ಇಂಥ ಯಾವ ಕನಿಷ್ಠವೂ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನದ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿ ಒಂದು ದಿನವನ್ನೂ ಕೊಡದಿದ್ದರೆ ಕೇಳಲು ಕಾನೂನಿಲ್ಲ. ಹಾಗಾಗಿ ಇಲ್ಲಿ ಎರಡು ಆಫರ್‌ಗಳ ನಡುವಿನ ವ್ಯತ್ಯಾಸ ಪೂರ್ತಿ ಕಂಪನಿಯ ನೀತಿಯದ್ದೇ. ಎಷ್ಟು ದಿನ, ಮಗು ಹುಟ್ಟಿದ ಎಷ್ಟು ತಿಂಗಳೊಳಗೆ, ಪ್ರೊಬೇಷನ್‌ನಲ್ಲಿರುವಾಗಲೂ ಸಿಗುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಇದನ್ನೆಲ್ಲ ಕೇಳಿದರೆ ಬಂದ ಆಫರೂ ಕೈತಪ್ಪೀತು ಎಂಬ ಹೆದರಿಕೆ, ಅದರಲ್ಲೂ ಹೆಣ್ಣುಮಕ್ಕಳದ್ದು, ಸುಳ್ಳಲ್ಲ. ಆದರೆ ಗರ್ಭದ ವಿಷಯ ಎತ್ತಬೇಕಾದ್ದೇ ಇಲ್ಲ. ಆಫರ್ ಲೆಟರ್ ಬಂದ ಮೇಲೆ, ಸಹಿಗೆ ಮುಂಚೆ, ಇಡೀ ರಜೆ ನೀತಿಯ ಪ್ರತಿಯನ್ನು ಇಮೇಲ್‌ನಲ್ಲಿ ಕಳಿಸುವಂತೆ ಎಚ್‌ಆರ್‌ಗೆ ಬರೆದರೆ ಸಾಕು. ಅದರಲ್ಲಿ ಹೆರಿಗೆ, ಪಿತೃತ್ವ, ನಗದೀಕರಣ ಎಲ್ಲವೂ ಇರುತ್ತವೆ. ಕೆಲಸಕ್ಕೆ ಸೇರುವಾಗಿನ ನಮೂನೆಯಲ್ಲಿ ಮುಟ್ಟು, ಗರ್ಭದ ವಿವರ ಕೇಳಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲೇ, ನೀರಾ ಮಾಥುರ್ ಅವರು ಎಲ್‌ಐಸಿ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ, ತೀವ್ರವಾಗಿ ಆಕ್ಷೇಪಿಸಿ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತ್ತು. 80 ದಿನ ತುಂಬುವುದಿಲ್ಲ ಎಂದು ಲೆಕ್ಕ ತೋರಿಸಿದರೆ ದಾರಿ ಎರಡು: ನೋಟಿಸ್ ಅವಧಿಯನ್ನು ಕಡಿಮೆ ಮಾಡಿಸಿಕೊಂಡು ಬೇಗ ಸೇರುವುದು, ಅಥವಾ ಆ ಷರತ್ತನ್ನು ಬಿಟ್ಟುಕೊಡುತ್ತೇವೆಂದು ಹೊಸ ಕಂಪನಿಯಿಂದ ಬರಹದಲ್ಲಿ ಪಡೆಯುವುದು. ಕಾನೂನಿಗಿಂತ ಹೆಚ್ಚು ಕೊಡುವ ಕರಾರು ಊರ್ಜಿತ, ಕಡಿಮೆ ಕೊಡುವುದು ಊರ್ಜಿತವಲ್ಲ. ಎರಡನೇ ದಾರಿ ಹಿಡಿಯುವುದಾದರೆ ಗರ್ಭದ ವಿಷಯ ಹೇಳಲೇಬೇಕಾಗುತ್ತದೆ. ಆ ಮಾತನ್ನು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ ಮುಗಿಸಿಕೊಳ್ಳುವುದು ಕ್ಷೇಮ, ಏಕೆಂದರೆ ಅಲ್ಲಿಯ 80 ದಿನ ಆಗಲೇ ತುಂಬಿರುತ್ತದೆ.